ಶೇಕಡಾ ಎಷ್ಟು, ಯಾವುದರ ಮೇಲೆ?

2025ರ ಫೆಬ್ರವರಿಯಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್, ಒಂದು ಪ್ರಕಟಣೆ ಹೊರಡಿಸಿತು. ಸಂಶೋಧನಾ ಅನುದಾನದ ಜೊತೆ ವಿಶ್ವವಿದ್ಯಾಲಯಗಳಿಗೆ ಕೊಡುವ ಓವರ್‌ಹೆಡ್ ದರ ಇನ್ನು ಎಲ್ಲರಿಗೂ ಶೇ 15 ಮಾತ್ರ ಎಂದಿತು. ಹಾರ್ವರ್ಡ್‌ನ ದರ ಆಗ ಶೇ 69 ಇತ್ತು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು, ಆದೇಶಕ್ಕೆ ತಡೆ ಬಿತ್ತು. ಆದರೆ ಶೇ 69 ಎಂಬ ಅಂಕಿಯನ್ನು ನೋಡಿದ ಯಾರಿಗಾದರೂ, ನೂರು ಡಾಲರ್ ಕೊಟ್ಟರೆ 69 ಡಾಲರ್ ಕಚೇರಿಗೇ ಹೋಗುತ್ತದೆ, ಪ್ರಯೋಗಾಲಯಕ್ಕೆ ಉಳಿಯುವುದು 31 ಎಂದು ತೋರುವುದು ಸಹಜ.

ಲೆಕ್ಕ ಹಾಗಿಲ್ಲ. ಪ್ರಯೋಗಕ್ಕೆ ನೇರವಾಗಿ ನೂರು ಡಾಲರ್ ಖರ್ಚಾದರೆ, ಅದರ ಮೇಲೆ ಇನ್ನೂ 69 ಡಾಲರ್ ಕೊಡಬೇಕು ಎಂಬುದು ಆ ದರದ ಅರ್ಥ. ಒಟ್ಟು 169ರಲ್ಲಿ ಓವರ್‌ಹೆಡ್‌ನ ಪಾಲು ಶೇ 41ರಷ್ಟು. ಅದರಲ್ಲೂ ದೊಡ್ಡ ಉಪಕರಣಗಳ ಖರೀದಿಯಂಥ ಕೆಲವು ಖರ್ಚುಗಳ ಮೇಲೆ ಈ ದರವನ್ನು ಹಾಕುವಂತಿಲ್ಲ. ಹಾಗಾಗಿ ನಿಜವಾದ ಪಾಲು ಇನ್ನೂ ಕೆಳಗಿಳಿಯುತ್ತದೆ.

ಅಷ್ಟು ದೊಡ್ಡ ಮೊತ್ತಗಳಲ್ಲಿ ನಡೆಯುವ ಈ ಗೊಂದಲವೇ ನಮ್ಮ ಜಿಲ್ಲಾ ಕೇಂದ್ರಗಳ ಸ್ವಯಂಸೇವಾ ಸಂಸ್ಥೆಗಳಲ್ಲೂ ನಡೆಯುತ್ತದೆ. ದಾನಿ ಸಂಸ್ಥೆಗೆ ಬಜೆಟ್ ಬರೆಯಲು ಕೂತಾಗ ಕೊನೆಯ ಸಾಲಿನಲ್ಲಿ ‘ಆಡಳಿತ ವೆಚ್ಚ ಶೇ 10’ ಎಂದು ಬರೆದು ಮುಗಿಸುವವರು ಹಲವರು. ಆ ಹತ್ತು ಎಲ್ಲಿಂದ ಬಂತು, ಯಾವ ಮೊತ್ತದ ಮೇಲೆ ಹಾಕಿದ್ದು ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಒಂದು ಕಾಲ್ಪನಿಕ ಸಂಸ್ಥೆಯನ್ನು ಇಟ್ಟುಕೊಂಡು ಲೆಕ್ಕ ಹಾಕಿ ನೋಡಬಹುದು. ಯಾದಗಿರಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲು ಓದಿಗೆ ಒತ್ತಾಸೆಯಾಗಿರುವ ಸಂಸ್ಥೆ ಅದು. ಕಳೆದ ವರ್ಷದ ಆಡಿಟ್ ಆದ ಲೆಕ್ಕದ ಪ್ರಕಾರ ಒಟ್ಟು ಖರ್ಚು ₹2.40 ಕೋಟಿ. ಈ ಖರ್ಚನ್ನು ಮೊದಲು ಎರಡು ರಾಶಿ ಮಾಡಬೇಕು. ಕ್ಷೇತ್ರ ಕಾರ್ಯಕರ್ತೆಯ ಸಂಬಳ, ತರಬೇತಿ ಶಿಬಿರದ ಊಟ, ವಿದ್ಯಾರ್ಥಿವೇತನ ಇಂಥವು ಇಂಥ ಯೋಜನೆಗೇ ಆದವು ಎಂದು ಬೆರಳಿಟ್ಟು ತೋರಿಸಬಹುದಾದ ನೇರ ವೆಚ್ಚಗಳು. ಅವುಗಳ ಮೊತ್ತ ₹2 ಕೋಟಿ. ಇನ್ನು ಉಳಿದ ₹40 ಲಕ್ಷವನ್ನು ಯಾವುದೋ ಒಂದೇ ಯೋಜನೆಯ ಹೆಸರಿಗೆ ಬರೆಯಲು ಬರುವುದಿಲ್ಲ. ಮುಖ್ಯ ಕಚೇರಿಯ ಬಾಡಿಗೆ ಮತ್ತು ಕರೆಂಟ್ ಬಿಲ್ಲು 8 ಲಕ್ಷ, ಲೆಕ್ಕ ಮತ್ತು ಆಡಳಿತ ಸಿಬ್ಬಂದಿಯ ಸಂಬಳ 16 ಲಕ್ಷ, ಆಡಿಟ್ ಮತ್ತು ಕಾನೂನು ಶುಲ್ಕ 4 ಲಕ್ಷ, ಕಂಪ್ಯೂಟರ್, ಇಂಟರ್ನೆಟ್, ವಿಮೆ 4 ಲಕ್ಷ. ನಿರ್ದೇಶಕಿಯ ವರ್ಷದ ಸಂಬಳ 12 ಲಕ್ಷ; ಅವರು ಮೂರನೆಯ ಒಂದು ಭಾಗ ಸಮಯವನ್ನು ಯೋಜನೆಗಳ ಕೆಲಸದಲ್ಲೇ ಕಳೆಯುವುದರಿಂದ 4 ಲಕ್ಷ ನೇರ ವೆಚ್ಚಕ್ಕೆ ಸೇರಿ, ಮಿಕ್ಕ 8 ಲಕ್ಷ ಈ ರಾಶಿಗೆ ಬರುತ್ತದೆ. ಇದೇ ಪರೋಕ್ಷ ವೆಚ್ಚ, ರೂಢಿಯ ಮಾತಿನಲ್ಲಿ ಓವರ್‌ಹೆಡ್.

ಈಗ ದರ. 40 ಲಕ್ಷವನ್ನು ನೇರ ವೆಚ್ಚವಾದ 2 ಕೋಟಿಯಿಂದ ಭಾಗಿಸಿದರೆ ಶೇ 20 ಬರುತ್ತದೆ. ಒಟ್ಟು ಖರ್ಚಾದ 2.40 ಕೋಟಿಯಿಂದ ಭಾಗಿಸಿದರೆ ಸುಮಾರು ಶೇ 16.7. ಮೂರನೆಯ ದಾರಿಯೂ ಇದೆ. ಆ 2 ಕೋಟಿಯಲ್ಲಿ 30 ಲಕ್ಷ ವಿದ್ಯಾರ್ಥಿವೇತನ, 10 ಲಕ್ಷ ಜೀಪಿನ ಖರೀದಿ. ಇವು ದೊಡ್ಡ ಮೊತ್ತಗಳೇ ಹೌದು, ಆದರೆ ಇವುಗಳಿಂದ ಕಚೇರಿಗೆ ಬೀಳುವ ಕೆಲಸ ಅದೇ ಮೊತ್ತದ ಸಂಬಳ ಪಟ್ಟಿಗೆ ಬೇಕಾದಷ್ಟು ಇರುವುದಿಲ್ಲ. ಆದ್ದರಿಂದ ಅವನ್ನು ಹೊರಗಿಟ್ಟು 1.60 ಕೋಟಿಯಿಂದ ಭಾಗಿಸುವುದು ಹೆಚ್ಚು ನ್ಯಾಯದ ಲೆಕ್ಕ. ಆಗ ದರ ಶೇ 25. ಅಮೆರಿಕದ ಫೆಡರಲ್ ಅನುದಾನಗಳ ನಿಯಮವೂ ಇದೇ ಜಾಡಿನದು: ಯಂತ್ರೋಪಕರಣ, ವಿದ್ಯಾರ್ಥಿವೇತನದಂಥವನ್ನು ಕಳೆದು ಉಳಿದ ನೇರ ವೆಚ್ಚದ ಮೇಲೆ ದರ ಹಾಕಬೇಕು. ಸ್ವಂತ ದರವನ್ನು ಸರ್ಕಾರದೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳದ ಸಂಸ್ಥೆಗಳು ಅಲ್ಲಿ ದಾಖಲೆ ಕೊಡದೆಯೇ ಪಡೆಯಬಹುದಾದ ದರ 2024ರ ಅಕ್ಟೋಬರ್‌ನಿಂದ ಶೇ 10ರ ಬದಲು ಶೇ 15ಕ್ಕೆ ಏರಿದೆ.

16.7, 20, 25. ಮೂರೂ ಸರಿ, ಮೂರರ ಹಿಂದೆ ಇರುವುದೂ ಅದೇ 40 ಲಕ್ಷ. ಇಷ್ಟಾದ ಮೇಲೆ ‘ಅವರ ಓವರ್‌ಹೆಡ್ ಶೇ 25, ಇವರದು ಶೇ 16, ಇವರೇ ಮೇಲು’ ಎಂದು ಹೋಲಿಸುವ ದಾನಿ ಎಷ್ಟು ತಪ್ಪು ತೀರ್ಮಾನಕ್ಕೆ ಬರಬಹುದು ನೋಡಿ. ಇನ್ನೊಂದು ಸಂಗತಿಯೂ ಇದೆ. ಒಂದು ದೊಡ್ಡ ಯೋಜನೆ ಮುಗಿದು 1.60 ಕೋಟಿಯ ಆಧಾರ 1.20 ಕೋಟಿಗೆ ಇಳಿಯಿತು ಎನ್ನಿ. ಬಾಡಿಗೆಯೂ ಆಡಿಟ್ ಶುಲ್ಕವೂ ಅದೇ ವರ್ಷ ಇಳಿಯುವುದಿಲ್ಲ. ಸಂಸ್ಥೆ ಒಂದು ರೂಪಾಯಿಯನ್ನೂ ಹೆಚ್ಚು ಖರ್ಚು ಮಾಡದೆಯೇ ದರ ಶೇ 33 ಆಗಿಬಿಡುತ್ತದೆ.

ಈ ಸಂಸ್ಥೆ ಹೊಸ ದಾನಿಯ ಮುಂದೆ ಒಂದು ವರ್ಷದ ಯೋಜನೆ ಇಡುತ್ತಿದೆ. ತಿಂಗಳಿಗೆ ₹25,000ದಂತೆ ಆರು ಕಾರ್ಯಕರ್ತೆಯರ ಸಂಬಳ 18 ಲಕ್ಷ, ಸಂಯೋಜಕಿಗೆ 6 ಲಕ್ಷ, ಜೀಪಿನ ಡೀಸೆಲ್ ಮತ್ತು ರಿಪೇರಿಗೆ 3 ಲಕ್ಷ, ತರಬೇತಿಗೆ 3 ಲಕ್ಷ, ವಿದ್ಯಾರ್ಥಿವೇತನ 10 ಲಕ್ಷ. ನೇರ ವೆಚ್ಚ ಒಟ್ಟು 40 ಲಕ್ಷ. ವಿದ್ಯಾರ್ಥಿವೇತನ ಕಳೆದರೆ ದರ ಹಾಕಬೇಕಾದ ಆಧಾರ 30 ಲಕ್ಷ. ಬಜೆಟ್‌ನ ಸಾಲು ಹೀಗಿರಬೇಕು: ‘ಪರೋಕ್ಷ ವೆಚ್ಚ: ವಿದ್ಯಾರ್ಥಿವೇತನ ಬಿಟ್ಟು ಉಳಿದ ನೇರ ವೆಚ್ಚ ₹30,00,000 × 25% = ₹7,50,000’. ಅದರ ಕೆಳಗಿನ ಟಿಪ್ಪಣಿಯಲ್ಲಿ, ಈ ದರ ಯಾವ ವರ್ಷದ ಆಡಿಟ್ ಲೆಕ್ಕದಿಂದ ಬಂತು, ಅದರಲ್ಲಿ ಏನೇನು ಸೇರಿದೆ ಎಂದು ಎರಡು ಮೂರು ವಾಕ್ಯ. ಒಟ್ಟು ಬಜೆಟ್ ₹47.5 ಲಕ್ಷ. ಆಧಾರ, ದರ, ಮೊತ್ತ ಮೂರೂ ಒಂದೇ ಸಾಲಿನಲ್ಲಿ ಕಂಡರೆ ದಾನಿ ಸಂಸ್ಥೆಯ ಲೆಕ್ಕಾಧಿಕಾರಿ ತಾನೇ ಕೂಡಿಸಿ ನೋಡಿಕೊಳ್ಳಬಲ್ಲ.

ಒಂದು ವೇಳೆ ದಾನಿಯೇ ಮಿತಿ ಹಾಕಿದ್ದರೆ ಅದರ ವಾಕ್ಯವನ್ನು ಎರಡು ಸಲ ಓದಬೇಕು. ‘ನೇರ ವೆಚ್ಚದ ಮೇಲೆ ಶೇ 15’ ಎಂದಿದ್ದರೆ 40 ಲಕ್ಷಕ್ಕೆ 6 ಲಕ್ಷ ಸಿಗುತ್ತದೆ. ‘ಒಟ್ಟು ಬಜೆಟ್‌ನ ಶೇ 15’ ಎಂದಿದ್ದರೆ ಆ 40 ಲಕ್ಷ ಒಟ್ಟು ಮೊತ್ತದ ಶೇ 85 ಆಗುತ್ತದೆ. ಓವರ್‌ಹೆಡ್ ಸುಮಾರು 7.06 ಲಕ್ಷ. ಒಂದು ಪದ ಬದಲಾದರೆ ಲಕ್ಷಕ್ಕೂ ಮೇಲಿನ ವ್ಯತ್ಯಾಸ. ಬರೀ ‘ಶೇ 15’ ಎಂದು ಬರೆದು ಸುಮ್ಮನಾದ ದಾನಿಗೆ ಒಂದು ಇ–ಮೇಲ್ ಬರೆದು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ.

ದಾನಿ ನೇರ ವೆಚ್ಚದ ಶೇ 10 ಮಾತ್ರ, ಅಂದರೆ 4 ಲಕ್ಷ ಕೊಡುತ್ತಾರೆ ಎನ್ನಿ. ನಿಜವಾದ ವೆಚ್ಚ 7.5 ಲಕ್ಷ. ಕೊರತೆ 3.5 ಲಕ್ಷ. ತಪ್ಪುಗಳು ಹುಟ್ಟುವುದೇ ಇಲ್ಲಿ. ಕೊರತೆ ತುಂಬಿಸಲು ಲೆಕ್ಕಿಗನ ಸಂಬಳದ ಒಂದು ಭಾಗವನ್ನು ನೇರ ವೆಚ್ಚದ ಪಟ್ಟಿಗೆ ಸೇರಿಸುವುದು ಸಾಮಾನ್ಯ. ಅದು ತಪ್ಪೇನಲ್ಲ, ಆತ ಆ ಯೋಜನೆಗೆ ಕೊಟ್ಟ ಸಮಯಕ್ಕೆ ಟೈಮ್‌ಶೀಟ್ ಇದ್ದರೆ ಆಯಿತು. ಆದರೆ ನೇರ ವೆಚ್ಚಕ್ಕೆ ಹೋದದ್ದು ಪರೋಕ್ಷ ರಾಶಿಯಿಂದ ಹೊರಬೀಳಲೇಬೇಕು. ತಿಂಗಳಿಗೆ ₹30,000 ಪಡೆಯುವ ಲೆಕ್ಕಿಗನ ಇಡೀ ಸಂಬಳವನ್ನು ಎಲ್ಲ ಯೋಜನೆಗಳಿಗೂ ಹಂಚಿ ನೇರವಾಗಿ ಬರೆದರೆ, ವರ್ಷದ 3.6 ಲಕ್ಷ ರಾಶಿಯಿಂದ ಇಳಿದು ಆಧಾರಕ್ಕೆ ಸೇರುತ್ತದೆ. 36.4 ಲಕ್ಷವನ್ನು 163.6 ಲಕ್ಷದಿಂದ ಭಾಗಿಸಿದರೆ ದರ ಸುಮಾರು ಶೇ 22.2. ಸಂಬಳವನ್ನೂ ನೇರವಾಗಿ ಬರೆದು, ಶೇ 25ರ ಹಳೆಯ ದರವನ್ನೂ ಉಳಿಸಿಕೊಂಡರೆ ಒಂದೇ ಸಂಬಳಕ್ಕೆ ಎರಡು ಸಲ ಹಣ ಕೇಳಿದಂತೆ. ಆಡಿಟರ್ ಇದನ್ನು ಹಿಡಿಯುವುದು ಸುಲಭ: ಎಲ್ಲ ದಾನಿಗಳ ಬಜೆಟ್‌ಗಳನ್ನು ಪಕ್ಕಪಕ್ಕ ಇಟ್ಟು ಒಬ್ಬೊಬ್ಬರ ಸಮಯದ ಪಾಲನ್ನು ಕೂಡಿಸಿದರೆ ಸಾಕು. ಮೊತ್ತ ಶೇ 100 ದಾಟಿದರೆ ಎಲ್ಲೋ ದೋಷವಿದೆ ಎಂದೇ ಅರ್ಥ. ಒಬ್ಬ ದಾನಿಯ ಬಜೆಟ್‌ನಲ್ಲಿ ನೇರವಾದದ್ದು ಇನ್ನೊಬ್ಬರಲ್ಲಿ ಪರೋಕ್ಷವಾಗುವುದೂ ಕೂಡದು.

ಕೊರತೆಯನ್ನು ಮುಚ್ಚಿಡುವ ಬದಲು ತೋರಿಸುವುದೇ ಒಳ್ಳೆಯದು. ಪರೋಕ್ಷ ವೆಚ್ಚ 7.5 ಲಕ್ಷ ಎಂದು ಪೂರ್ತಿ ಬರೆದು, ಪಕ್ಕದ ಅಂಕಣಗಳಲ್ಲಿ ‘ಈ ಅನುದಾನದಿಂದ 4 ಲಕ್ಷ, ಸಂಸ್ಥೆಯ ಇತರ ಮೂಲಗಳಿಂದ 3.5 ಲಕ್ಷ’ ಎಂದು ಒಡೆದು ತೋರಿಸಬಹುದು. ಆಗ ಈ ಯೋಜನೆಯ ನಿಜವಾದ ಬೆಲೆ ಎಷ್ಟು ಎಂಬುದು ಕಾಗದದ ಮೇಲೆ ಉಳಿಯುತ್ತದೆ, ಮುಂದಿನ ವರ್ಷ ಮಾತಾಡಲು ಆಧಾರವೂ ಆಗುತ್ತದೆ.

ಕಂಪನಿಗಳ ಸಿಎಸ್‌ಆರ್ ಹಣದ ವಿಷಯದಲ್ಲಿ ‘ಕಾನೂನಿನಲ್ಲಿರುವುದೇ ಶೇ 5’ ಎಂಬ ಮಾತು ಕೇಳಿಬರುತ್ತದೆ. ಆ ಶೇ 5 ಕಂಪನಿ ತನ್ನ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ ಮಾಡುವ ಖರ್ಚಿನ ಮಿತಿ. ಕೆಲಸ ಮಾಡುವ ಸಂಸ್ಥೆಯ ಕಚೇರಿಗೆ ಹಾಕಿದ ಮಿತಿಯಲ್ಲ.

ವಿದೇಶಿ ದೇಣಿಗೆಯ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ಬೇರೆ ಸಂಗತಿ. ಅಲ್ಲಿನ ಮಿತಿ ಸಂಸ್ಥೆಗೇ ಅನ್ವಯಿಸುತ್ತದೆ. ಒಂದು ಆರ್ಥಿಕ ವರ್ಷದಲ್ಲಿ ಬಂದ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ ಬಳಸಬಹುದಾದ ಪಾಲನ್ನು 2020ರ ತಿದ್ದುಪಡಿ ಶೇ 50ರಿಂದ ಶೇ 20ಕ್ಕೆ ಇಳಿಸಿತು. ಇದಕ್ಕಿಂತ ತೊಡಕಿನದು, ಯಾವುದು ‘ಆಡಳಿತ’ ಎಂಬ ಪಟ್ಟಿ. 2011ರ ನಿಯಮಗಳು ಬಾಡಿಗೆ, ವಿದ್ಯುತ್, ಲೆಕ್ಕಪತ್ರದ ಜೊತೆಗೆ ವರದಿ ಬರೆಯುವ ವೆಚ್ಚವನ್ನೂ ವಾಹನ ಓಡಿಸುವ ವೆಚ್ಚವನ್ನೂ ಆಡಳಿತಕ್ಕೇ ಸೇರಿಸುತ್ತವೆ. ಶಾಲೆಯ ಶಿಕ್ಷಕರ, ಆಸ್ಪತ್ರೆಯ ವೈದ್ಯರ ಸಂಬಳದಂಥವನ್ನು ಹೊರಗಿಡುತ್ತವೆ.

ಯಾದಗಿರಿಯ ಬಜೆಟ್ಟನ್ನೇ ಈ ಪಟ್ಟಿಯ ಮುಂದೆ ಹಿಡಿಯಿರಿ. ಆ 47.5 ಲಕ್ಷ ಪೂರ್ತಿ ವಿದೇಶಿ ದೇಣಿಗೆಯಾಗಿ ಬಂದಿದೆ, ಆ ವರ್ಷ ಬೇರೆ ವಿದೇಶಿ ಹಣವಿಲ್ಲ ಎಂದಿಟ್ಟುಕೊಂಡರೆ, ಶೇ 20ರ ಮಿತಿ 9.5 ಲಕ್ಷ. ಓವರ್‌ಹೆಡ್ ಇರುವುದು 7.5 ಲಕ್ಷ; ನಿಶ್ಚಿಂತೆ ಎನಿಸುತ್ತದೆ. ಆದರೆ ದಾನಿಯ ಕಣ್ಣಿಗೆ ನೇರ ವೆಚ್ಚವಾಗಿದ್ದ ಜೀಪಿನ ಡೀಸೆಲ್, ರಿಪೇರಿಯ 3 ಲಕ್ಷ ಸರ್ಕಾರದ ಪಟ್ಟಿಯಲ್ಲಿ ಆಡಳಿತ ವೆಚ್ಚ. ಎರಡೂ ಕೂಡಿ 10.5 ಲಕ್ಷವಾಗಿ, ಮಿತಿಯನ್ನು ಒಂದು ಲಕ್ಷ ಮೀರುತ್ತದೆ. ಮೀರಬೇಕಿದ್ದರೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. ಆದ್ದರಿಂದ ವಿದೇಶಿ ಹಣದ ಬಜೆಟ್‌ಗೆ ಎರಡು ಅಂಕಣ ಬೇಕು: ದಾನಿಯ ನಿಯಮದಂತೆ ಈ ಖರ್ಚು ಯಾವುದು, ಎಫ್‌ಸಿಆರ್‌ಎ ಪ್ರಕಾರ ಯಾವುದು. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಎರಡನೆಯ ಅಂಕಣವನ್ನು ಕೂಡಿ ನೋಡಿದರೆ, ಜೀಪಿನ ವೆಚ್ಚವನ್ನು ದೇಶೀಯ ದೇಣಿಗೆಗೆ ಹೊರಿಸುವಂಥ ದಾರಿ ಇನ್ನೂ ತೆರೆದಿರುತ್ತದೆ.

ದರ ಹಾಕಿ ಪಡೆಯುವ ಓವರ್‌ಹೆಡ್ ಆಗುವ ಖರ್ಚಿನ ಹಿಂದೆಯೇ ಬರುತ್ತದೆ ಎಂಬುದನ್ನು ವರ್ಷದ ಕೊನೆಯಲ್ಲಿ ಮರೆಯುವವರಿದ್ದಾರೆ. ಇಬ್ಬರು ಕಾರ್ಯಕರ್ತೆಯರ ನೇಮಕ ಆಗಲೇ ಇಲ್ಲ, 30 ಲಕ್ಷದ ಆಧಾರದಲ್ಲಿ ಖರ್ಚಾದದ್ದು 24 ಲಕ್ಷ ಎನ್ನಿ. ಶೇ 25ರಂತೆ ಸಂಸ್ಥೆಗೆ ಸಲ್ಲುವುದು 6 ಲಕ್ಷ ಮಾತ್ರ. ಬಜೆಟ್‌ನಲ್ಲಿದ್ದ 7.5 ಲಕ್ಷವನ್ನು ತಿಂಗಳ ಕಂತಿನಲ್ಲಿ ಮೊದಲೇ ತೆಗೆದುಕೊಂಡು ಬಾಡಿಗೆ, ಸಂಬಳಕ್ಕೆ ಕೊಟ್ಟುಬಿಟ್ಟಿದ್ದರೆ, ಅಂತಿಮ ವರದಿಯ ಹೊತ್ತಿಗೆ 1.5 ಲಕ್ಷವನ್ನು ಹಿಂದಿರುಗಿಸಬೇಕಾಗುತ್ತದೆ. ಮೂರು ತಿಂಗಳಿಗೊಮ್ಮೆ ನಿಜವಾಗಿ ಆದ ನೇರ ಖರ್ಚಿನ ಮೇಲೆ ದರ ಹಾಕಿ ಅಷ್ಟನ್ನೇ ತೆಗೆದುಕೊಳ್ಳುವ ಸಂಸ್ಥೆಗೆ ಈ ಬಾಕಿ ಬೀಳುವುದಿಲ್ಲ.