ಥಾಂಕಾದ ಚೀಟಿಯಲ್ಲಿ ಏನು ಬರೆಯಬೇಕು?

ದಾಂಡೇಲಿ, ಜೋಯಿಡಾದ ಕಾಡು ನೋಡಲು ಬಂದವರಲ್ಲಿ ಕೆಲವರು ಹಳಿಯಾಳದ ಕಡೆಯಿಂದ ಮುಂಡಗೋಡಕ್ಕೂ ಹೋಗಿಬರುವುದುಂಟು. 1966ರಲ್ಲಿ ಅಲ್ಲಿ ನೆಲೆಗೊಂಡ ಟಿಬೆಟನ್ನರ ವಸಾಹತು, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅವರನ್ನು ಸೆಳೆಯುತ್ತವೆ. ಮಠದ ಪ್ರಾರ್ಥನಾ ಮಂದಿರಕ್ಕೆ ಕಾಲಿಟ್ಟರೆ ಜರಿ ಅಂಚಿನ ಬಟ್ಟೆಯ ಚಿತ್ರಪಟಗಳು ಕಣ್ಣಿಗೆ ಬೀಳುತ್ತವೆ. ಇವೇ ಥಾಂಕಾಗಳು. ಇಂಥದ್ದೊಂದನ್ನು ಮನೆಗೆ ಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಊರೂರಿನ ಅಂಗಡಿಗಳಲ್ಲಿ ಥಾಂಕಾಗಳ ಜೊತೆ ತೂಗುಹಾಕಿದ ಚೀಟಿಗಳು ಒಂದೇ ರಾಗ ಹಾಡುತ್ತವೆ: ‘ನೂರು ವರ್ಷ ಹಳೆಯದು, ಖನಿಜ ಬಣ್ಣ, ಅಪ್ಪಟ ಚಿನ್ನ, ಲಾಮಾ ಬಿಡಿಸಿದ್ದು, ಅತಿ ಅಪರೂಪ.’

ಈ ಐದು ಮಾತುಗಳಲ್ಲಿ ಚಿತ್ರವನ್ನು ನೋಡಿ ಹೇಳಬಹುದಾದದ್ದು ಎಷ್ಟು? ಚಿತ್ರಕಲೆ ಓದುವ ವಿದ್ಯಾರ್ಥಿಗೂ, ಮಕ್ಕಳಿಗಾಗಿ ಹಣ ಕೊಟ್ಟು ಚಿತ್ರ ಕೊಳ್ಳುವ ತಂದೆತಾಯಿಗೂ ಈ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಹಸಿರು ತಾರೆಯ ಒಂದು ಥಾಂಕಾ ಎದುರಿಗಿದೆ ಎಂದುಕೊಂಡು ಅದರ ಚೀಟಿಯನ್ನು ಹೊಸದಾಗಿ ಬರೆದು ನೋಡೋಣ.

ಮೊದಲು ಮಾಧ್ಯಮ

ಥಾಂಕಾ ಸಾಮಾನ್ಯವಾಗಿ ಹತ್ತಿ ಬಟ್ಟೆಯ ಮೇಲಿನ ಚಿತ್ರ. ಬಟ್ಟೆಯನ್ನು ಮರದ ಚೌಕಕ್ಕೆ ದಾರದಿಂದ ಬಿಗಿದು, ಚರ್ಮದಿಂದ ಕಾಯಿಸಿದ ಅಂಟಿಗೆ ಸೀಮೆಸುಣ್ಣದಂಥ ಬಿಳಿಪುಡಿ ಬೆರೆಸಿ ಬಳಿಯುತ್ತಾರೆ. ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಅದರ ಮೇಲೆ ಅಳತೆಯ ಗೆರೆ ಎಳೆದು ದೇವತೆಯ ಆಕಾರ ಮೂಡಿಸಿ, ಅಂಟು ಬೆರೆಸಿದ ಬಣ್ಣ ತುಂಬುತ್ತಾರೆ. ಇದು ತೈಲಚಿತ್ರವಲ್ಲ, ನೀರಿಗೆ ಕರಗುವ ಬಣ್ಣ. ಒದ್ದೆ ಬೆರಳಿನಿಂದ ಉಜ್ಜಿ ಪರೀಕ್ಷೆ ಮಾಡಲು ಹೋದರೆ ಚಿತ್ರ ಕೆಡುತ್ತದೆ. ಮಳೆಗಾಲದ ಗೋಡೆಯ ತೇವಕ್ಕೂ ಕಲೆ ಬೀಳುತ್ತದೆ.

ಹಿಂದಿನ ಕಾಲದಲ್ಲಿ ಹಸಿರಿಗೆ ಮ್ಯಾಲಕೈಟ್, ನೀಲಿಗೆ ಅಜುರೈಟ್, ಕೆಂಪಿಗೆ ಇಂಗಳೀಕ ಅರೆಯುತ್ತಿದ್ದರು. ಇಂದು ಕಾರ್ಖಾನೆಯ ಬಣ್ಣಗಳೂ ಬಳಕೆಯಲ್ಲಿವೆ. ಇವೆರಡರ ವ್ಯತ್ಯಾಸವನ್ನು ಬರಿಗಣ್ಣಿನಿಂದ ಖಚಿತವಾಗಿ ಹೇಳಲಾಗದು. ಅದಕ್ಕೆ ಪ್ರಯೋಗಾಲಯ ಬೇಕು. ಆದ್ದರಿಂದ ಚೀಟಿಯಲ್ಲಿ ‘ಹತ್ತಿ ಬಟ್ಟೆಯ ಮೇಲೆ ಅಂಟು ಬೆರೆಸಿದ ಬಣ್ಣ’ ಎಂದರೆ ಸಾಕು. ಬಿಡಿಸಿದವರೇ ಎದುರಿಗಿದ್ದು ಖನಿಜ ಬಣ್ಣ ಎಂದಿದ್ದರೆ ‘ಕಲಾವಿದರ ಹೇಳಿಕೆಯಂತೆ ಖನಿಜ ಬಣ್ಣ’ ಎಂದು ಸೇರಿಸಬಹುದು. ಚಿನ್ನದ ವಿಷಯವೂ ಹೀಗೆಯೇ. ಹಿತ್ತಾಳೆ ಪುಡಿಯ ಗೆರೆ ವರ್ಷಗಳು ಕಳೆದಂತೆ ಕಂದುತ್ತದೆ, ಚಿನ್ನ ಕಂದುವುದಿಲ್ಲ. ಆದರೆ ಹೊಸ ಚಿತ್ರದಲ್ಲಿ ಎರಡೂ ಮಿನುಗುತ್ತವೆ. ಪುರಾವೆ ಇಲ್ಲದಿದ್ದರೆ ‘ಹೊಂಬಣ್ಣದ ಗೆರೆ’ ಎನ್ನುವುದೇ ಸರಿ.

ಅಳತೆ ಮತ್ತು ಅಂಚು

ಥಾಂಕಾಕ್ಕೆ ಗಾಜಿನ ಕಟ್ಟು ಸಂಪ್ರದಾಯವಲ್ಲ. ಚಿತ್ರದ ಸುತ್ತ ಜರಿ ಬಟ್ಟೆ ಹೊಲಿದು, ಮೇಲೆ ಕೆಳಗೆ ಕೋಲು ಸೇರಿಸಿ, ಮುಂದೆ ತೆಳು ರೇಷ್ಮೆಯ ಪರದೆ ಇಳಿಬಿಡುತ್ತಾರೆ. ಬೇಕಾದಾಗ ಸುತ್ತಿ ಒಯ್ಯಬಹುದು. ಅಳತೆಯ ಗೊಂದಲ ಶುರುವಾಗುವುದು ಇಲ್ಲಿಯೇ. ‘ಮೂರೂವರೆ ಅಡಿಯ ಥಾಂಕಾ’ ಎಂದು ಕೇಳಿ ಮನೆಗೆ ತಂದು ನೋಡಿದರೆ ಚಿತ್ರ ಎರಡೇ ಅಡಿ, ಉಳಿದದ್ದು ಜರಿ!

ಹಾಗಾಗಿ ಎರಡು ಅಳತೆ ಬರೆಯಬೇಕು: ಬಣ್ಣದ ಚಿತ್ರದ್ದು ಒಂದು, ಅಂಚು ಸೇರಿದ್ದು ಇನ್ನೊಂದು. ಮೊದಲು ಎತ್ತರ, ಆಮೇಲೆ ಅಗಲ. ಬಟ್ಟೆ ಸೊಟ್ಟಗಾಗಿರುವುದರಿಂದ ಎರಡು ಬದಿ ಮತ್ತು ನಡುವೆ ಅಳೆದು, ಹೆಚ್ಚಿನದನ್ನು ಬರೆಯಬೇಕು. ಅಂಚು ಚಿತ್ರಕ್ಕಿಂತ ಹೊಸದಾಗಿ ಕಂಡರೆ ಅದನ್ನೂ ಹೇಳಬೇಕು. ಹಳೆಯ ಚಿತ್ರಕ್ಕೆ ಹೊಸ ಅಂಚು ಹೊಲಿಸುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು. ಸುತ್ತಿ ಸುತ್ತಿ ಬಿಳಿಪುಡಿಯ ಪದರ ಅಡ್ಡಡ್ಡ ಬಿರಿದಿದ್ದರೆ, ಎಲ್ಲಿ ಎಷ್ಟು ಬಿರಿದಿದೆ ಎಂಬುದೂ ಚೀಟಿಯಲ್ಲಿರಬೇಕು.

‘ಅಸಲಿ’ ಎಂಬುದು ಮೂರು ಪ್ರಶ್ನೆ

ಅಸಲಿ ಎಂದು ಹೇಳುವಾಗ ಕೈಯಿಂದ ಬಿಡಿಸಿದ್ದೇ, ಯಾರು ಬಿಡಿಸಿದ್ದು, ಯಾವಾಗ ಬಿಡಿಸಿದ್ದು ಎಂಬ ಮೂರು ಪ್ರಶ್ನೆಗಳನ್ನು ಒಂದಾಗಿಸಿಬಿಡುತ್ತೇವೆ. ಅವನ್ನು ಬೇರೆ ಬೇರೆಯಾಗಿ ಕೇಳಬೇಕು.

ಮೊದಲನೆಯದನ್ನು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಮುದ್ರಿತ ಚಿತ್ರದಲ್ಲಿ ಬಣ್ಣ ಸಣ್ಣ ಚುಕ್ಕೆಗಳ ಜಾಲವಾಗಿ ಕಾಣುತ್ತದೆ. ಕುಂಚದ ಗೆರೆಯಲ್ಲಿ ಬಣ್ಣ ಒಂದೇ ಸಮ ಹರಿದು, ತುದಿಯಲ್ಲಿ ತೆಳುವಾಗುತ್ತದೆ. ಮೋಸ ನಡೆಯುವುದು ಮುದ್ರಣದ ಮೇಲೆ ಹೊಂಬಣ್ಣದ ಗೆರೆ ಎಳೆದಾಗ. ಗ್ರಾಹಕ ಉಬ್ಬಿದ ಗೆರೆ ಮುಟ್ಟಿ ನೋಡಿ ಕೈಕೆಲಸವೆಂದು ನಂಬುತ್ತಾನೆ. ಆದ್ದರಿಂದ ಗೆರೆಯನ್ನಲ್ಲ, ಅದರ ಪಕ್ಕದ ಆಕಾಶ, ಕೆನ್ನೆ, ಮೋಡಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು.

ಎರಡನೆಯದಕ್ಕೆ ಬಹುಪಾಲು ಉತ್ತರ ಸಿಗುವುದಿಲ್ಲ. ಥಾಂಕಾಕ್ಕೆ ಸಹಿ ಹಾಕದಿರುವುದೇ ಸಂಪ್ರದಾಯ. ಬೆನ್ನಿನಲ್ಲಿ ದೇವತೆಯ ಹಣೆ, ಕಂಠ, ಎದೆಯ ಹಿಂಬದಿಗೆ ಸರಿಯಾಗಿ ‘ಓಂ ಆಃ ಹೂಂ’ ಅಕ್ಷರಗಳಿದ್ದರೆ ಅದು ಪ್ರತಿಷ್ಠೆಯ ಗುರುತು. ಮುದ್ರಿತ ಪಟಕ್ಕೂ ಪ್ರತಿಷ್ಠೆ ಮಾಡಿಸಬಹುದು. ಆದ್ದರಿಂದ ಆ ಅಕ್ಷರ ಕಲಾವಿದನ ಹೆಸರನ್ನಾಗಲಿ ವಯಸ್ಸನ್ನಾಗಲಿ ಹೇಳದು. ಹೆಸರು ಗೊತ್ತಿಲ್ಲದಿದ್ದರೆ ‘ಕಲಾವಿದರ ಹೆಸರು ತಿಳಿದಿಲ್ಲ’ ಎಂದರೆ ಚಿತ್ರದ ಗೌರವ ಕಡಿಮೆಯಾಗುವುದಿಲ್ಲ.

ಮೂರನೆಯದು ತೊಡಕಿನದು. ದೀಪದ ಹೊಗೆ ಬಣ್ಣವನ್ನು ಕಪ್ಪಾಗಿಸುತ್ತದೆ, ನಿಜ. ಆದರೆ ಹೊಗೆಯನ್ನು ಬೇಕೆಂದೇ ಹಿಡಿಸಲೂಬಹುದು. ಅಲ್ಲದೆ ‘ನೂರು ವರ್ಷ’ ಬರೀ ಹೊಗಳಿಕೆಯ ಮಾತಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಚಿತ್ರ ಪುರಾವಸ್ತು. ನೋಂದಣಿ ಆಗಬೇಕಾದ ವಸ್ತುಗಳ ಪಟ್ಟಿಯಲ್ಲಿ ಥಾಂಕಾದ ಹೆಸರೂ ಇದೆ. ಪುರಾವಸ್ತುವಿನ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಿದೇಶದಲ್ಲಿರುವ ಮಗನಿಗೆ ಕಳಿಸಲೆಂದು ಕೊಳ್ಳುವ ತಂದೆಗೆ ಅಂಗಡಿಯವನು ‘ನೂರು ವರ್ಷದ್ದು’ ಎಂದು ಬರೆದುಕೊಟ್ಟರೆ, ಮಾತು ಸುಳ್ಳಾದರೆ ಹಣ ಹೋಯಿತು, ನಿಜವಾದರೆ ಚಿತ್ರವನ್ನು ಕಳಿಸುವಂತಿಲ್ಲ.

ಹೊಸ ಚೀಟಿ

ಇಷ್ಟು ನೋಡಿದ ಮೇಲೆ ನಮ್ಮ ತಾರೆಯ ಚೀಟಿ ಹೀಗಾಗುತ್ತದೆ:

‘ಹಸಿರು ತಾರೆ. ಥಾಂಕಾ. ಹತ್ತಿ ಬಟ್ಟೆಯ ಮೇಲೆ ಅಂಟು ಬೆರೆಸಿದ ಬಣ್ಣ, ಹೊಂಬಣ್ಣದ ಗೆರೆ. ಚಿತ್ರ 60 × 42 ಸೆಂ.ಮೀ., ಅಂಚು ಸೇರಿ 108 × 70 ಸೆಂ.ಮೀ. (ಎತ್ತರ × ಅಗಲ). ನೀಲಿ ಜರಿ ಅಂಚು, ಚಿತ್ರಕ್ಕಿಂತ ಹೊಸದು, ಹಳದಿ ಪರದೆ, ಗಾಜಿಲ್ಲ. ಕೈಯಿಂದ ಬಿಡಿಸಿದ್ದು, ಭೂತಗನ್ನಡಿಯಲ್ಲಿ ನೋಡಿದಾಗ ಮುದ್ರಣದ ಚುಕ್ಕೆಗಳಿಲ್ಲ. ಸಹಿ ಇಲ್ಲ, ಕಲಾವಿದರ ಹೆಸರು ತಿಳಿದಿಲ್ಲ. ಬೆನ್ನಿನಲ್ಲಿ ಪ್ರತಿಷ್ಠಾಕ್ಷರ. ಮಾರಿದವರ ಪ್ರಕಾರ ಸುಮಾರು 30 ವರ್ಷ ಹಳೆಯದು, ದಾಖಲೆ ಇಲ್ಲ. ಕೆಳಗಿನ ಅರ್ಧದಲ್ಲಿ ಎರಡು ಅಡ್ಡ ಬಿರುಕು.’

ಈ ಚೀಟಿಯಲ್ಲಿ ‘ಅಪರೂಪ’ವೂ ಇಲ್ಲ, ‘ಅಮೂಲ್ಯ’ವೂ ಇಲ್ಲ. ಆದರೆ ಹತ್ತು ವರ್ಷದ ನಂತರ ಯಾರೇ ಟೇಪು, ಭೂತಗನ್ನಡಿ ಹಿಡಿದು ಬಂದರೂ ಕಂಡದ್ದರ ಬಗ್ಗೆ ಬರೆದ ಸಾಲುಗಳನ್ನು ಚಿತ್ರದ ಮೇಲೆಯೇ ತಾಳೆ ನೋಡಬಹುದು. ಕೇಳಿದ್ದನ್ನು ಹೇಳಿದವರ ಹೆಸರಿನಲ್ಲಿಯೇ ಬರೆದಿರುವುದರಿಂದ, ಅದು ಸುಳ್ಳೆಂದು ತಿಳಿದುಬಂದರೂ ಬರೆದವರ ಮಾತು ಸುಳ್ಳಾಗುವುದಿಲ್ಲ.