ಬಾಡಿಗೆಗೆ ಮೊದಲು ಕೇಳುವ ಕಾಗದಗಳು

ಬೆಂಗಳೂರಿನಲ್ಲಿ ಮನೆ ನೋಡಿ ಒಪ್ಪಿದ ಸಂಜೆಯೇ ಸಾಮಾನ್ಯವಾಗಿ ಒಂದು ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ: ‘ಆಧಾರ್, ಪಾನ್, ಸ್ಯಾಲರಿ ಸ್ಲಿಪ್ ಕಳಿಸಿ.’ ಯಾಕೆ, ಯಾರಿಗೆ, ಎಷ್ಟು ದಿನಕ್ಕೆ ಎಂಬ ಮಾತೇ ಇರುವುದಿಲ್ಲ. ಮಾಲೀಕರು ಈ ಬೇಡಿಕೆಯನ್ನು ಒಂದು ಪುಟದ ಪತ್ರವಾಗಿ ಬರೆದು, ಪ್ರತಿ ಕಾಗದದ ಮುಂದೆ ಅದರ ಉಪಯೋಗವನ್ನೂ ಹೇಳಿದರೆ, ಬೇಡದ ಕಾಗದಗಳು ಬರೆಯುವಾಗಲೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಕಾರಣ ಬರೆಯಲಾಗದ ಕಾಗದವನ್ನು ಕೇಳುವ ಅಗತ್ಯವೂ ಇರುವುದಿಲ್ಲ.

ಉದಾಹರಣೆಗೆ, ತಿಂಗಳಿಗೆ 24,000 ರೂಪಾಯಿ ಬಾಡಿಗೆಯ ಎರಡು ಕೋಣೆಯ ಮನೆಗೆ ಖಾಸಗಿ ಕಂಪನಿಯ ನೌಕರರೊಬ್ಬರು ಬಂದಿದ್ದಾರೆ ಎಂದುಕೊಳ್ಳಬಹುದು. ಪತ್ರದ ಮೊದಲ ಭಾಗ ಆದಾಯದ್ದು: ‘ಕಳೆದ ಮೂರು ತಿಂಗಳ ಸಂಬಳದ ಚೀಟಿ ಮತ್ತು ಸಂಬಳ ಜಮೆಯಾದ ಸಾಲುಗಳಷ್ಟೇ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ. ಬಾಡಿಗೆ ಕಟ್ಟುವ ಶಕ್ತಿ ನೋಡಲು ಮಾತ್ರ ಇವನ್ನು ಬಳಸುತ್ತೇವೆ. ಉಳಿದ ಸಾಲುಗಳನ್ನು ಮುಚ್ಚಿ ಕಳಿಸಬಹುದು.’ ಎರಡನ್ನೂ ಕೇಳುವುದಕ್ಕೆ ಕಾರಣವಿದೆ. ಸಂಬಳದ ಚೀಟಿಯನ್ನು ಕಂಪ್ಯೂಟರಿನಲ್ಲಿ ತಿದ್ದುವುದು ಸುಲಭ. ಪಿಎಫ್, ವೃತ್ತಿ ತೆರಿಗೆ ಕಳೆದು ಚೀಟಿಯ ಕೊನೆಯಲ್ಲಿ ಉಳಿಯುವ ಮೊತ್ತವೇ ಬ್ಯಾಂಕಿನಲ್ಲಿ ಜಮೆಯಾಗಿದೆಯೇ ಎಂದು ಹೋಲಿಸಿದರೆ ತಿದ್ದುಪಡಿ ಅಲ್ಲೇ ಕಾಣುತ್ತದೆ. ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗವನ್ನು ಬಾಡಿಗೆ ಮೀರಬಾರದು ಎಂಬುದು ರೂಢಿಯ ಲೆಕ್ಕ, ಕಾನೂನಲ್ಲ. ಈ ಅರ್ಜಿದಾರರ ಕೈಗೆ ಬರುವುದು 68,000. ಲೆಕ್ಕಕ್ಕೆ 72,000 ಬೇಕು. ನಾಲ್ಕು ಸಾವಿರ ಕಡಿಮೆಯೆಂದು ಬಾಗಿಲು ಮುಚ್ಚುವುದು ಅವಿವೇಕ. ಮನೆಯಲ್ಲಿ ದುಡಿಯುವ ಇನ್ನೊಬ್ಬರ ಆದಾಯವನ್ನೂ ಸೇರಿಸಬಹುದೆಂದು ಪತ್ರದಲ್ಲೇ ಬರೆದಿದ್ದರೆ ಪ್ರಶ್ನೆ ಮುಗಿಯಿತು. ಸ್ವಂತ ವ್ಯಾಪಾರದವರಿಗೆ ಸಂಬಳದ ಚೀಟಿ ಇರುವುದಿಲ್ಲವಾದ್ದರಿಂದ ಆದಾಯ ತೆರಿಗೆ ರಿಟರ್ನ್ ಸಾಕೆಂದು ಹೇಳಬೇಕು.

ಗುರುತಿನ ಚೀಟಿ ಬೇಕಾಗುವುದು ಕರಾರಿನಲ್ಲಿ ಹೆಸರು, ವಿಳಾಸ ಸರಿಯಾಗಿ ಬರೆಯಲು ಮತ್ತು ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುವುದಿದ್ದರೆ ಅದಕ್ಕೆ. ಕರಾರಿಗೆ ಆಧಾರ್‌ನ 12 ಅಂಕಿಗಳೂ ಬೇಕಿಲ್ಲ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿಯೇ ಮೊದಲ ಎಂಟು ಅಂಕಿ ಮರೆಯಾಗಿ ಕೊನೆಯ ನಾಲ್ಕಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಸಿಗುತ್ತದೆ. ಪತ್ರ ಅದನ್ನೇ ಕೇಳುವುದು ಸರಿ. ಅದರಲ್ಲಿರುವ ಕ್ಯೂಆರ್ ಕೋಡನ್ನು ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದಾಗ ಬರುವ ಹೆಸರು, ಭಾವಚಿತ್ರಗಳು ಎದುರಿಗಿರುವವರೊಂದಿಗೆ ಹೊಂದಿದರೆ ಚೀಟಿ ಅಸಲಿ. ಬರೀ ಜೆರಾಕ್ಸ್ ಇಟ್ಟುಕೊಂಡರೆ ಈ ಖಾತರಿ ಸಿಗದು. ಪ್ರತಿಯ ಮೇಲೆ ಅಡ್ಡಲಾಗಿ ‘ಇಂಥ ಮನೆಯ ಬಾಡಿಗೆಗೆ ಮಾತ್ರ’ ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿ ಕೊಡುವುದು ಅರ್ಜಿದಾರರಿಗೆ ಒಳ್ಳೆಯದು. ಅದೇ ಪ್ರತಿಯಿಂದ ಬೇರೆಲ್ಲೋ ಸಿಮ್ ಅಥವಾ ಸಾಲ ಪಡೆಯುವುದು ಆಗ ಕಷ್ಟವಾಗುತ್ತದೆ.

ಪರಿಚಯದವರ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಈಗಿನ ಮನೆಯ ಮಾಲೀಕರು ಹೊಗಳಿದರೆ ಪೂರ್ತಿ ನಂಬುವಂತಿಲ್ಲ. ತೊಂದರೆಯ ಬಾಡಿಗೆದಾರ ಹೋದರೆ ಸಾಕೆನ್ನುವವರೂ ಹೊಗಳುತ್ತಾರೆ. ಅದಕ್ಕೂ ಹಿಂದಿನ ಮನೆಯವರ ಮಾತಿಗೆ ತೂಕ ಹೆಚ್ಚು. ಕೊಟ್ಟ ನಂಬರು ಗೆಳೆಯನದ್ದೂ ಆಗಿರಬಹುದಾದ್ದರಿಂದ ಹಳೆಯ ಕರಾರಿನ ಮೊದಲ ಪುಟದಲ್ಲಿರುವ ಹೆಸರಿನೊಂದಿಗೆ ಅದನ್ನು ತಾಳೆ ನೋಡಬೇಕು. ಏನು ಕೇಳಲಾಗುತ್ತದೆ ಎಂದೂ ಪತ್ರ ಹೇಳಬೇಕು: ಬಾಡಿಗೆ ಹೊತ್ತಿಗೆ ಬರುತ್ತಿತ್ತೇ, ಮನೆ ಬಿಟ್ಟಾಗ ಅಡ್ವಾನ್ಸಿನಲ್ಲಿ ಎಷ್ಟು ಮುರಿದುಕೊಂಡರು, ಯಾಕೆ. ಜಾತಿ, ಊಟ, ಮದುವೆಯ ವಿಚಾರ ಇಲ್ಲಿ ಬರಕೂಡದು. ಕಚೇರಿಗೆ ಫೋನ್ ಮಾಡುವುದಿದ್ದರೆ ಅರ್ಜಿದಾರರ ಒಪ್ಪಿಗೆ ಬರಹದಲ್ಲಿರಲಿ. ಊರು ಬಿಟ್ಟು ಮೊದಲ ಕೆಲಸಕ್ಕೆ ಬಂದವರಿಗೆ ಹಿಂದಿನ ಮಾಲೀಕರೇ ಇರುವುದಿಲ್ಲ. ಅವರಿಂದ ಕಾಲೇಜಿನ ಅಥವಾ ಹಾಸ್ಟೆಲ್ಲಿನ ಒಬ್ಬರ ಹೆಸರು ಕೇಳಬಹುದು.

ಕೊನೆಯ ಭಾಗ ಕಾಗದಗಳ ಗತಿಯದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆಯ ಮೇಲೆ ಮಾಹಿತಿ ಪಡೆಯುವವರು ಏನು, ಯಾಕೆ ಎಂಬ ಸೂಚನೆ ಕೊಡಬೇಕೆನ್ನುತ್ತದೆ. ಆ ಸೂಚನೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಕಾಲಾವಕಾಶವಿದೆ. ಒಬ್ಬ ವ್ಯಕ್ತಿ ಸ್ವಂತ ಅಥವಾ ಮನೆವಾರ್ತೆಯ ಕೆಲಸಕ್ಕೆ ಮಾಹಿತಿ ಇಟ್ಟುಕೊಂಡರೆ ಕಾಯ್ದೆ ಅನ್ವಯಿಸದು. ಹತ್ತಾರು ಮನೆ ನೋಡಿಕೊಳ್ಳುವ ಏಜೆನ್ಸಿಗೆ ಆ ವಿನಾಯಿತಿ ಹೇಳಿಕೊಳ್ಳುವುದು ಕಷ್ಟ. ಕಾನೂನು ಏನೇ ಇರಲಿ, ಪತ್ರದಲ್ಲಿ ಮೂರು ಮಾತು ಸಾಕು: ಕಾಗದ ನೋಡುವವರು ಮಾಲೀಕರು ಮಾತ್ರ, ಬ್ರೋಕರ್ ಅಲ್ಲ, ಮನೆ ಸಿಗದವರ ಪ್ರತಿಗಳನ್ನು ವಾರದೊಳಗೆ ಫೋನಿನಿಂದಲೂ ಅಳಿಸಲಾಗುತ್ತದೆ, ಸಿಕ್ಕವರದ್ದನ್ನು ಅಡ್ವಾನ್ಸ್ ಹಿಂದಿರುಗಿಸುವವರೆಗೆ ಇಡಲಾಗುತ್ತದೆ.

ಅದೇ ಪತ್ರದಲ್ಲಿ ಮಾಲೀಕರ ಕಡೆಯ ಒಂದು ಸಾಲೂ ಬೇಕು. ಇಲ್ಲಿ ವರ್ಷದ ಬಾಡಿಗೆ 2,88,000 ರೂಪಾಯಿ. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಪಡೆಯುವ ನೌಕರರು, ಬಾಡಿಗೆ ವರ್ಷಕ್ಕೆ ಒಂದು ಲಕ್ಷ ಮೀರಿದರೆ, ಮಾಲೀಕರ ಪಾನ್ ಸಂಖ್ಯೆಯನ್ನು ಕಚೇರಿಗೆ ಕೊಡಬೇಕಾಗುತ್ತದೆ. ಕರಾರಿಗೆ ಸಹಿ ಹಾಕುವ ದಿನ ಅದನ್ನು ಕೊಡಲಾಗುವುದು ಎಂದು ಪತ್ರದಲ್ಲಿ ಮೊದಲೇ ಬರೆದಿದ್ದರೆ ಮಾರ್ಚ್ ತಿಂಗಳ ಜಗಳ ತಪ್ಪುತ್ತದೆ.