ನಾಲ್ಕು ಉಪನ್ಯಾಸ, ನಾಲ್ಕು ಮನೆ

1993ರಲ್ಲಿ ಕೊಪ್ಪಳದಲ್ಲಿಯೂ 2011ರಲ್ಲಿ ಗಂಗಾವತಿಯಲ್ಲಿಯೂ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಗಳು ನಡೆದುವು. ಇಂಥ ಸಮ್ಮೇಳನಗಳಲ್ಲಿ ಪ್ರಧಾನ ವೇದಿಕೆಯ ಜೊತೆಗೆ ಸಮಾನಾಂತರ ವೇದಿಕೆಯೊಂದಿರುವುದು ವಾಡಿಕೆ. ಎರಡು ವೇದಿಕೆಗಳು ಏಕಕಾಲದಲ್ಲಿ ನಡೆಯತೊಡಗಿದೊಡನೆ ಸಂಘಟಕರಿಗೆ ಒಂದು ತೊಡಕು ಎದುರಾಗುತ್ತದೆ. ಭಾಷಣಕಾರರಿಗೆ ಬಿಡುವಿರುವ ವೇಳೆ ಬೇರೆ, ವೇದಿಕೆ ತೆರವಾಗಿರುವ ವೇಳೆ ಬೇರೆ. ದೂರದಿಂದ ಬಂದವರಿಗೆ ವೇದಿಕೆ ಸಿಕ್ಕದೆ ಹೋಗಬಾರದು; ಒಬ್ಬರನ್ನೇ ಎರಡು ಕಡೆ ಒಮ್ಮೆಗೇ ಕರೆಯಲೂ ಬಾರದು. ಇದು ಸಾಧ್ಯವೇ ಎಂಬುದನ್ನು ಮೊದಲೇ ತಿಳಿಯುವ ಬಗೆಯನ್ನು ಒಂದು ಚಿಕ್ಕ ಉದಾಹರಣೆಯಿಂದ ನೋಡೋಣ.

ಕೊಪ್ಪಳದ ಒಂದು ಕಾಲೇಜಿನಲ್ಲಿ ವಿಜ್ಞಾನ ಗೋಷ್ಠಿಯೊಂದು ನಡೆಯಲಿದೆಯೆಂದು ಭಾವಿಸಿರಿ. ಅಲ್ಲಿ ದೊಡ್ಡ ಸಭಾಂಗಣವೊಂದು, ಸಣ್ಣ ಕೊಠಡಿಯೊಂದು ಇವೆ. ಹತ್ತು ಗಂಟೆಗೆ ಒಂದು ಸರದಿ, ಹನ್ನೆರಡಕ್ಕೆ ಇನ್ನೊಂದು. ಹೀಗೆ ಕೋಷ್ಟಕದಲ್ಲಿ ನಾಲ್ಕು ಮನೆಗಳಾದುವು. ನಾಲ್ಕು ಊರುಗಳಿಂದ ನಾಲ್ವರು ಉಪನ್ಯಾಸಕರು. ಕೊಪ್ಪಳದವರು ಯಾವ ವೇಳೆಗೂ ಯಾವ ಕೊಠಡಿಗೂ ಸಿದ್ಧರು. ಗಂಗಾವತಿಯವರು ಚಿತ್ರಗಳನ್ನು ತೋರಿಸಬೇಕು. ಪರದೆ ಇರುವುದು ದೊಡ್ಡ ಸಭಾಂಗಣದಲ್ಲಿ ಮಾತ್ರ. ಕುಷ್ಟಗಿಯವರು ಬೇಗನೆ ಹಿಂದಿರುಗಬೇಕಾದುದರಿಂದ ಅವರಿಗೆ ಹತ್ತು ಗಂಟೆಯೇ ಆಗಬೇಕು. ಯಲಬುರ್ಗಾದವರ ಬಸ್ಸು ಬಂದು ಸೇರುವುದೇ ಹನ್ನೊಂದಕ್ಕೆ. ಅವರಿಗೂ ಪರದೆ ಬೇಕು.

ಪತ್ರಗಳು ಬಂದ ಕ್ರಮದಲ್ಲಿಯೇ ಸಂಘಟಕರು ಮನೆಗಳನ್ನು ತುಂಬುತ್ತಾರೆ. ಮೊದಲು ಒಪ್ಪಿದ ಕೊಪ್ಪಳದವರಿಗೆ ಹತ್ತು ಗಂಟೆಯ ದೊಡ್ಡ ಸಭಾಂಗಣ. ಗಂಗಾವತಿಯವರಿಗೆ ಹನ್ನೆರಡರ ದೊಡ್ಡ ಸಭಾಂಗಣ. ಕುಷ್ಟಗಿಯವರಿಗೆ ಹತ್ತರ ಸಣ್ಣ ಕೊಠಡಿ. ಕೊನೆಗೆ ಯಲಬುರ್ಗಾದ ಪತ್ರ ಬಂದಾಗ ಉಳಿದಿರುವುದು ಹನ್ನೆರಡರ ಸಣ್ಣ ಕೊಠಡಿ ಮಾತ್ರ. ಅದು ಅವರಿಗೆ ಒಗ್ಗದು. (ಎಲ್ಲಕ್ಕೂ ಸಿದ್ಧರಿರುವವರಿಗೆ ಕೃತಜ್ಞತೆಯಿಂದ ಅತ್ಯುತ್ತಮ ಸ್ಥಾನವನ್ನು ಮೊದಲೇ ಕೊಟ್ಟುಬಿಡುವುದು ನಮ್ಮ ಸಂಘಟಕರ ದೌರ್ಬಲ್ಯ.)

ಇಲ್ಲಿ ಇಡೀ ಪಟ್ಟಿಯನ್ನು ಹರಿದು ಹಾಕಬೇಕಾಗಿಲ್ಲ. ಯಲಬುರ್ಗಾದವರಿಗೆ ಬೇಕಾದ ಮನೆಯಲ್ಲಿ ಯಾರಿದ್ದಾರೆ? ಗಂಗಾವತಿಯವರು. ಅವರು ಬೇರೆಲ್ಲಿಗೆ ಹೋಗಬಲ್ಲರು? ಹತ್ತರ ದೊಡ್ಡ ಸಭಾಂಗಣಕ್ಕೆ. ಅಲ್ಲಿ ಯಾರಿದ್ದಾರೆ? ಕೊಪ್ಪಳದವರು. ಅವರು ಬರಿದಾಗಿರುವ ಹನ್ನೆರಡರ ಸಣ್ಣ ಕೊಠಡಿಗೆ ಹೋಗಬಹುದು. ಹೀಗೆ ಸರಪಳಿಯು ಖಾಲಿ ಮನೆಯನ್ನು ಮುಟ್ಟಿದೊಡನೆ ಮೂವರೂ ಒಂದೊಂದು ಹೆಜ್ಜೆ ಸರಿಯುತ್ತಾರೆ. ನಾಲ್ವರಿಗೂ ಸ್ಥಳ ದೊರೆಯುತ್ತದೆ. ನಾಲ್ವರನ್ನು ನಾಲ್ಕು ಮನೆಗಳಲ್ಲಿ ಇರಿಸುವ ವಿಧಗಳು 24 ಮಾತ್ರವಾದುದರಿಂದ ಎಲ್ಲವನ್ನೂ ಪರೀಕ್ಷಿಸಿಯೂ ನೋಡಬಹುದಾಗಿತ್ತು. ಆದರೆ ಇಪ್ಪತ್ತು ಉಪನ್ಯಾಸಗಳಿಗೆ ಇಪ್ಪತ್ತು ಮನೆಗಳಿದ್ದರೆ, ಸೆಕೆಂಡಿಗೆ ಹತ್ತು ಲಕ್ಷ ವಿಧಗಳನ್ನು ಪರೀಕ್ಷಿಸಿದರೂ ಸುಮಾರು 77,000 ವರ್ಷಗಳು ಹಿಡಿಯುತ್ತವೆ. ಸರಪಳಿಯ ವಿಧಾನಕ್ಕಾದರೋ ಒಂದು ಹಾಳೆ, ಒಂದು ಸಂಜೆ ಸಾಕು.

ಸರಪಳಿಯು ಖಾಲಿ ಮನೆಯನ್ನು ಮುಟ್ಟದಿದ್ದರೆ? ಕೊಪ್ಪಳದವರೂ ತಮಗೆ ಪರದೆ ಬೇಕೆಂದರೆನ್ನಿ. ಆಗ ಯಲಬುರ್ಗಾದಿಂದ ಗಂಗಾವತಿಗೆ, ಗಂಗಾವತಿಯಿಂದ ಕೊಪ್ಪಳಕ್ಕೆ ಬಂದ ಸರಪಳಿಯು ಮತ್ತೆ ಹನ್ನೆರಡರ ದೊಡ್ಡ ಸಭಾಂಗಣಕ್ಕೇ ಮರಳುತ್ತದೆ. ನಾವು ಹಾದುಬಂದವರನ್ನು ಎಣಿಸಿದರೆ ಮೂವರು, ಮನೆಗಳು ಎರಡೇ. ಮೂವರು ಎರಡು ಮನೆಗಳಲ್ಲಿ ಹಿಡಿಯಲಾರರಾದುದರಿಂದ ಇನ್ನು ಎಷ್ಟು ತಿದ್ದಿದರೂ ವ್ಯರ್ಥ. ಯಾವುದೇ ಗುಂಪಿಗೆ ಒಗ್ಗುವ ಮನೆಗಳು ಆ ಗುಂಪಿನ ಸಂಖ್ಯೆಗಿಂತ ಕಡಿಮೆಯಿರದಿದ್ದರೆ ಎಲ್ಲರಿಗೂ ಸ್ಥಳ ದೊರೆಯುವುದು ನಿಶ್ಚಯವೆಂದು 1935ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಫಿಲಿಪ್ ಹಾಲ್ ಸಾಧಿಸಿದನು. (ಸಭಾಂಗಣದ ಪ್ರಶ್ನೆಗೆ ಹಾಲ್ ಎಂಬವನೇ ಉತ್ತರಿಸಿದ್ದು ಕಾಕತಾಳೀಯ!) ಈ ಎಣಿಕೆಯಿಂದ ಒಂದು ಪ್ರಯೋಜನವುಂಟು. ಕುಷ್ಟಗಿಯವರಿಗೆ ಪತ್ರ ಬರೆದು ವೇಳೆ ಬದಲಿಸಲು ಬೇಡುವುದಾಗಲಿ, ಇನ್ನೊಂದು ಸಣ್ಣ ಕೊಠಡಿಯನ್ನು ತೆರೆಯುವುದಾಗಲಿ ನಿಷ್ಫಲವೆಂದು ತಿಳಿಯುತ್ತದೆ. ಕೊರತೆ ಇರುವುದು ಪರದೆಯದು. ಸಣ್ಣ ಕೊಠಡಿಗೂ ಒಂದು ಪರದೆಯನ್ನು ಕಟ್ಟಿದರೆ ತೊಡಕು ಬಿಡಿಸಿಹೋಗುತ್ತದೆ.

ಈ ವಿಧಾನಕ್ಕೂ ಒಂದು ಮಿತಿಯುಂಟು. ಪರದೆ ಬೇಡದ ಕೊಪ್ಪಳದವರ ಮೊದಲ ಉದಾಹರಣೆಗೇ ಹಿಂದಿರುಗೋಣ. ಯಲಬುರ್ಗಾದವರ ಉಪನ್ಯಾಸಕ್ಕೆ ಅವರೇ ಅಧ್ಯಕ್ಷತೆ ವಹಿಸಬೇಕೆಂದು ಗೊತ್ತಾಗಿದ್ದರೆ ಏನಾಗುವುದು? ಸರಪಳಿಯು ಖಾಲಿ ಮನೆಯನ್ನು ಮುಟ್ಟಿತು, ನಿಜ. ಆದರೆ ಹನ್ನೆರಡಕ್ಕೆ ಅವರು ಸಣ್ಣ ಕೊಠಡಿಯಲ್ಲಿ ಮಾತನಾಡುತ್ತ ದೊಡ್ಡ ಸಭಾಂಗಣದಲ್ಲಿ ಅಧ್ಯಕ್ಷಪೀಠದಲ್ಲಿಯೂ ಇರಬೇಕಾಯಿತು. ಒಬ್ಬರೇ ಎರಡು ಗೋಷ್ಠಿಗಳಲ್ಲಿ ಸೇರಿದೊಡನೆ ಕೇವಲ ಮನೆಗಳ ಎಣಿಕೆ ಸಾಲದು. ಭಾಗವಹಿಸುವವರ ಬಿಡುವಿನ ವೇಳೆಗಳಿಗೆ ಕಟ್ಟುಬಿದ್ದ ಇಂಥ ವೇಳಾಪಟ್ಟಿಯು ಗಣನೆಯ ಅತಿ ಕಠಿನ ಪ್ರಶ್ನೆಗಳ ವರ್ಗಕ್ಕೆ ಸೇರುತ್ತದೆಂದು 1976ರಲ್ಲಿ ಈವನ್, ಇಟೈ ಮತ್ತು ಶಮೀರ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಎಲ್ಲ ಸಂದರ್ಭಗಳಿಗೂ ಒದಗುವ ಶೀಘ್ರ ವಿಧಾನ ಇಂದಿಗೂ ದೊರೆತಿಲ್ಲ.

ಆದುದರಿಂದ ಎರಡು ಹೊಣೆ ಹೊತ್ತವರನ್ನು ಮೊದಲು ಕೂರಿಸಿ, ಮಿಕ್ಕವರಿಗೆ ಸರಪಳಿಯನ್ನು ಬಳಸುವುದು ಲೇಸು. ಪಟ್ಟಿ ಮುದ್ರಣಕ್ಕೆ ಹೋಗುವ ಮುನ್ನ ಅದನ್ನು ಕೊಠಡಿಗಳ ಕ್ರಮದಲ್ಲಲ್ಲದೆ ಹೆಸರುಗಳ ಕ್ರಮದಲ್ಲಿ ಇನ್ನೊಮ್ಮೆ ಬರೆಯಬೇಕು. ಕೊಠಡಿವಾರು ಪಟ್ಟಿಯಲ್ಲಿ ಅಡಗಿ ಕೂತಿದ್ದ ಘರ್ಷಣೆ, ಒಂದೇ ಹೆಸರಿನ ಮುಂದೆ ‘ಹನ್ನೆರಡು ಗಂಟೆ’ ಎಂದು ಎರಡು ಸಲ ಬರೆಯಬೇಕಾಗಿ ಬಂದಾಗ ಕಣ್ಣಿಗೆ ಬೀಳುತ್ತದೆ.